ಸಹಾಯ ಬೇಕು: ಅಮ್ಮನ ಸಂಜೆಯ ಚಡಪಡಿಕೆಯನ್ನು ಎಷ್ಟು ಬರೆದಿಡಬೇಕು?

ನಮಸ್ಕಾರ. ಮರೆಗುಳಿ ಕಾಯಿಲೆ ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರಿಂದ ಒಂದು ಸಲಹೆ ಬೇಕಿತ್ತು. ಸಂಜೆಯಾದರೆ ಅಮ್ಮ "ನಮ್ಮ ಮನೆಗೆ ಹೋಗಬೇಕು" ಎಂದು ಬಾಗಿಲ ಚಿಲಕ ಎಳೆಯುತ್ತಾರೆ. ವೈದ್ಯರು ಹೇಳಿದಂತೆ ಪ್ರತಿ ಸಲವೂ ಮೂರು ವಿಷಯ ಬರೆಯುತ್ತಿದ್ದೇನೆ: ಅದಕ್ಕೆ ಮುಂಚೆ ಏನಾಯಿತು, ಅಮ್ಮ ಏನು ಮಾಡಿದರು, ಆಮೇಲೆ ನಾವೇನು ಮಾಡಿದೆವು. "ಸಿಟ್ಟಾದರು" ಎಂದಲ್ಲ, "ತಟ್ಟೆ ದೂಡಿದರು" ಎಂದು, ಕಣ್ಣಿಗೆ ಕಂಡದ್ದನ್ನಷ್ಟೇ.

ಮಧ್ಯಾಹ್ನ ಮಲಗದ ದಿನ ಚಡಪಡಿಕೆ ಹೆಚ್ಚು ಎಂಬಂತೆ ಪುಸ್ತಕದಲ್ಲಿ ಕಾಣುತ್ತಿದೆ. ಆದರೆ ಶಾಂತವಾಗಿದ್ದ ಸಂಜೆಗಳ ಬಗ್ಗೆ ಒಂದಕ್ಷರವೂ ಇಲ್ಲ. ಆ ದಿನಗಳಲ್ಲೂ ಅವರು ಮಲಗಿರಲಿಲ್ಲವೋ ಏನೋ! ಹಾಗಾದರೆ ಏನೂ ನಡೆಯದಿದ್ದರೂ ದಿನವೂ ಒಂದು ಸಾಲು ಬರೆಯುವುದು ಸರಿಯೇ? ಎಷ್ಟು ವಾರ ಬರೆದು ನಿಲ್ಲಿಸಬಹುದು? ನಮ್ಮಣ್ಣನಂತೂ ಅಮ್ಮ ಕೆಮ್ಮಿದರೂ ಪುಸ್ತಕ ತೆರೆಯುತ್ತಾನೆ. "ಏನು ಬರೆಯುತ್ತೀಯೋ?" ಎಂದು ಅಮ್ಮ ಕೇಳತೊಡಗಿದ್ದಾರೆ.

ಗೊಂದಲ ಒಮ್ಮೆಲೇ ಹೆಚ್ಚಾದರೆ ಮೂತ್ರದ ಸೋಂಕೂ ಇರಬಹುದು, ಬರೆಯುತ್ತ ಕೂರದೆ ಕರೆತನ್ನಿ ಎಂದು ವೈದ್ಯರು ಎಚ್ಚರಿಸಿದ್ದಾರೆ, ಅದು ಗೊತ್ತಿದೆ. ಉಳಿದದ್ದರಲ್ಲಿ ನೀವು ಯಾವುದನ್ನು ಬರೆಯದೆ ಬಿಡುತ್ತೀರಿ, ದಯವಿಟ್ಟು ತಿಳಿಸಿ.