ಅಪ್‌ಡೇಟ್: ರೂಬ್ರಿಕ್ ಅಂಕ ಶೇಕಡಾಕ್ಕೆ ಬದಲಾಯಿಸಿದ್ದು

ನನ್ನ ಪ್ರಶ್ನೆ: "ಪ್ರಾಜೆಕ್ಟ್‌ಗೆ 1ರಿಂದ 4ರ ರೂಬ್ರಿಕ್. ನಾಲ್ಕು ಅಂಶಗಳಿಗೆ 3, 3, 2, 3 ಬಂದವಳಿಗೆ 20ಕ್ಕೆ ಎಷ್ಟು ಕೊಡಲಿ?"

16ಕ್ಕೆ 11 ಅಂತ ಭಾಗಿಸಿದರೆ 68.75% ಬರುತ್ತಿತ್ತು. 'ಚೆನ್ನಾಗಿದೆ' ಅಂದ ಕೆಲಸಕ್ಕೆ ಅದು ಕಡಿಮೆ ಅಲ್ವಾ? ಸರಾಸರಿಯಿಂದ 1 ಕಳೆದು 3ರಿಂದ ಭಾಗಿಸಿ ಅಂದ ಸಲಹೆಯಲ್ಲಿ ಸುಮಾರು 58%ಕ್ಕೆ ಇಳಿಯಿತು.

ಕೆಲಸ ಮಾಡಿದ್ದು ಮಂಡ್ಯದ ಮೇಡಂ ಹೇಳಿದ ದಾರಿ. ಹಂತ 1ಕ್ಕೆ 55, ಆಮೇಲೆ ಪ್ರತಿ ಹಂತಕ್ಕೂ 15 ಜಾಸ್ತಿ. ಅವಳ ಸರಾಸರಿ 2.75, ಹಾಗಾಗಿ 81.25%. 20ಕ್ಕೆ 16.25. 55 ನಾವೇ ಆರಿಸಿದ್ದು, ನಿಮ್ಮ ಪಾಸ್ ಗೆರೆ ನೋಡಿಕೊಳ್ಳಿ.

ಆದರೆ ಒಂದು ತಮಾಷೆ ಆಯಿತು. ಪ್ರಾಜೆಕ್ಟೇ ಕೊಡದ ಹುಡುಗನಿಗೆ ಎಲ್ಲಾ ಕಡೆ 0 ಹಾಕಿದ್ದೆ. ಶೀಟ್ ಸುಮ್ನೆ 40% ಕೊಟ್ಟುಬಿಟ್ಟಿತ್ತು, ಅಂದರೆ 8 ಅಂಕ! ಈಗ ಹೀಗೆ ಹಾಕಿದ್ದೇನೆ:

```
=IF(SUM(B2:E2)=0,0,55+(AVERAGE(B2:E2)-1)*15)
```

ಒಟ್ಟಿಗೆ ಸೇರಿಸಿದ ಮೇಲೆ ಒಂದೇ ಸಲ ರೌಂಡ್ ಮಾಡಿದೆ.