ಅಪ್‌ಡೇಟ್: ಕವರ್ ಪ್ಲೇಟ್‌ಗೆ 8 ಬೋಲ್ಟ್ ಸಾಲದು, 12 ಬೇಕು

ನನ್ನ ಪ್ರಶ್ನೆ: ಒಳವ್ಯಾಸ 300 ಮಿ.ಮೀ., ಒತ್ತಡ 1.5 MPa, ಓ-ರಿಂಗ್ ಸೀಲ್, M16 ಬೋಲ್ಟ್, ಅನುಮತಿತ ಸ್ಟ್ರೆಸ್ 80 MPa. ಲೆಕ್ಕದಲ್ಲಿ 6.6 ಬಂತು, 8 ಹಾಕಿದರೆ ಸಾಕೇ?

ಸಾಲದು. ಲೆಕ್ಕದಲ್ಲಿ ಎರಡು ತಪ್ಪಿದ್ದವು, ಎರಡೂ ಬೋಲ್ಟ್ ಸಂಖ್ಯೆಯನ್ನು ಕಡಿಮೆ ತೋರಿಸುವಂಥವು.

ಮೊದಲನೆಯದು ವ್ಯಾಸ. ಒತ್ತಡ ಒಳಗೋಡೆಗೇ ನಿಲ್ಲುವುದಿಲ್ಲ; ಕವರ್ ಅಡಿಯ ಸಂದಿಯಲ್ಲಿ ನುಗ್ಗಿ ಓ-ರಿಂಗ್‌ವರೆಗೂ ಹೋಗುತ್ತದೆ. ಇಲ್ಲಿ ಓ-ರಿಂಗ್ ಕೂರುವ ತೋಡಿನ ಹೊರವ್ಯಾಸ 340 ಮಿ.ಮೀ. ಹಾಗಾಗಿ ಕವರನ್ನು ಎತ್ತುವ ಬಲ 106 kN ಅಲ್ಲ, 136.2 kN.

```
F = (π/4) × 340² × 1.5 = 136 200 N
n = 136200 / (157 × 80) = 10.84
```

ಎರಡನೆಯದು ಬೋಲ್ಟಿನ ಅಡ್ಡಕೊಯ್ತದ ವಿಸ್ತೀರ್ಣ. 16 ಮಿ.ಮೀ. ವ್ಯಾಸ ಹಿಡಿದರೆ 201 ಚ.ಮಿ.ಮೀ. ಬರುತ್ತದೆ, ಆದರೆ ಎಳೆತ ಹೊರುವುದು ಥ್ರೆಡ್ ಇರುವ ಜಾಗ. ಅಲ್ಲಿ ಸಿಗುವುದು 157 ಮಾತ್ರ. ಬೋಲ್ಟ್ ತುಂಡಾಗುವುದೂ ಹೆಚ್ಚಾಗಿ ನಟ್‌ನ ಒಳಗಿನ ಮೊದಲ ಥ್ರೆಡ್‌ನಲ್ಲೇ.

ಎರಡನ್ನೂ ಸರಿಪಡಿಸಿದ ಮೇಲಿನ ಲೆಕ್ಕದಲ್ಲಿ 10.84 ಬಂತು, ಅಂದರೆ ಕನಿಷ್ಠ 11. ಡ್ರಿಲ್ಲಿಂಗ್ ಗುರುತಿಗೆ, ಎದುರುಬದುರು ಬಿಗಿಯಲು ಅನುಕೂಲವೆಂದು 12. ಆಗ ಒಂದೊಂದು ಬೋಲ್ಟಿಗೆ 11.35 kN, ಸ್ಟ್ರೆಸ್ 72 MPa.

ಬೋಲ್ಟ್ ಸರ್ಕಲ್ 390 ಮಿ.ಮೀ. ಆದ್ದರಿಂದ ಬೋಲ್ಟ್‌ಗಳ ನಡುವಿನ ಅಂತರ ಸುಮಾರು 102 ಮಿ.ಮೀ. 8 ಬೋಲ್ಟ್ ಹಾಕಿದ್ದರೆ ಅದು 153 ಆಗುತ್ತಿತ್ತು. ಅಷ್ಟು ದೂರವಾದರೆ ತೆಳುವಾದ ಕವರ್ ಎರಡು ಬೋಲ್ಟ್‌ಗಳ ಮಧ್ಯೆ ಬಾಗಿ, ಆ ಸಂದಿಗೆ ಓ-ರಿಂಗ್ ತಳ್ಳಿಕೊಂಡು ಹೊರಬರುತ್ತದೆ. ಬಿಚ್ಚಿ ನೋಡಿದರೆ ರಬ್ಬರಿನ ಹೊರ ಅಂಚು ಬೋಲ್ಟ್‌ಗಳ ನಡುನಡುವೆ ಮಾತ್ರ ಕಚ್ಚಿದಂತೆ ಕಾಣುತ್ತದೆ.

ಚಪ್ಪಟೆ ಗ್ಯಾಸ್ಕೆಟ್ ಇದ್ದರೆ ಈ ಲೆಕ್ಕ ಸಾಲದು. ಗ್ಯಾಸ್ಕೆಟನ್ನು ಅದುಮಿ ಹಿಡಿಯುವ ಬಲವನ್ನೂ ಸೇರಿಸಬೇಕು.