ಜಪಾನೀಸ್ ಆವೃತ್ತಿಯ ಗೇಮ್: ಅಕ್ಷರ ಹಾಳು, ಹೊಸ ಆಟ ಶುರು ಮಾಡಿದರೆ ಬಂದ್

ಕೊತ್ರೂಡ್_ಹುಡುಗ: ನಮಸ್ಕಾರ. ಪುಣೆಯಲ್ಲಿ ಜಪಾನೀಸ್ ಕ್ಲಾಸಿಗೆ ಹೋಗುತ್ತಿದ್ದೇನೆ. ಓದೋಕೆ ಅಭ್ಯಾಸ ಆಗಲಿ ಅಂತ ಒಂದು ಹಳೆಯ ಪಿಸಿ ಗೇಮಿನ ಜಪಾನ್ ಆವೃತ್ತಿ ಕೊಂಡೆ. ಜಿಪ್ ಫೈಲ್ ಬಂತು, ಬಿಚ್ಚಿದೆ. ಮೆನುವಿನಲ್ಲಿ ಬರೀ `ƒ` ಮತ್ತು `‚` ಗುರುತುಗಳು. ಹೊಸ ಆಟ ಒತ್ತಿದರೆ ಏನೂ ಹೇಳದೆ ಮುಚ್ಚಿಕೊಳ್ಳುತ್ತದೆ. ವಿಂಡೋಸ್ 11ಕ್ಕೆ ಜಪಾನೀಸ್ ಭಾಷಾ ಪ್ಯಾಕ್ ಹಾಕಿದೆ. ಈಗ ವಿಂಡೋಸ್ ಪೂರ್ತಿ ಜಪಾನೀಸ್, ಗೇಮ್ ಮಾತ್ರ ಹಾಗೇ ಇದೆ!

ಮಡಗಾಂವ್_ಮಂಜ: ನನಗೂ ಇದೇ ಕಷ್ಟ. ಪಿಎಸ್4ಗೆ ಬೇರೆ ದೇಶದ ಡಿಸ್ಕ್ ತಂದೆ. ಆಟ ಓಡುತ್ತೆ, ಆದರೆ ಇಲ್ಲಿನ ಖಾತೆಯಿಂದ ಕೊಂಡ ಡಿಎಲ್‌ಸಿ ಅದಕ್ಕೆ ಕೂಡುತ್ತಿಲ್ಲ.

ವಾಶಿ_ವಿನು: ಇದು ಫಾಂಟ್ ಸಮಸ್ಯೆ. ನುಡಿ ಫೈಲ್ ತೆಗೆದರೆ `PÀ£ÀßqÀ` ಅಂತ ಕಾಣುತ್ತಲ್ಲ, ಹಾಗೇ. ಇಲ್ಲಾಂದ್ರೆ ರೀಜನ್ ಸೆಟ್ಟಿಂಗಿನಲ್ಲಿ `Beta: Use Unicode UTF-8 for worldwide language support` ಅಂತ ಒಂದು ಡಬ್ಬಿ ಇದೆ, ಟಿಕ್ ಮಾಡಿ. ಎಲ್ಲ ಭಾಷೆಗೂ ನಡೆಯುತ್ತೆ.

ಕೊತ್ರೂಡ್_ಹುಡುಗ: ಟಿಕ್ ಮಾಡಿ ರೀಸ್ಟಾರ್ಟ್ ಮಾಡಿದೆ. ಈಗ ಗೇಮ್ ತೆರೆಯೋದೇ ಇಲ್ಲ.

ಮಾಟುಂಗಾ_ಮಾಮ: ಮೊದಲು ಆ ಟಿಕ್ ತೆಗೆಯಪ್ಪ. ಆಮೇಲೆ ಕಮಾಂಡ್ ಪ್ರಾಂಪ್ಟಿನಲ್ಲಿ ಇದನ್ನು ಹೊಡೆದು, ಯಾವ ಸಂಖ್ಯೆ ಬರುತ್ತೆ ಹೇಳು.

```
chcp
```

ವಿನು, ನುಡಿ ಹೋಲಿಕೆ ಚೆನ್ನಾಗಿದೆ, ಆದರೆ ಮದ್ದು ಬೇರೆ. ಅಲ್ಲಿ ಫಾಂಟ್ ಹಾಕಿದರೆ ಸರಿಹೋಗುತ್ತೆ. ಫಾಂಟ್ ಇಲ್ಲದಿದ್ದರೆ ಇಲ್ಲಿ ಖಾಲಿ ಚೌಕಗಳು ಕಾಣಬೇಕಿತ್ತು. `ƒ` ಸಾಲುಗಟ್ಟಿ ಬಂದಿದೆ ಅಂದರೆ ವಿಷಯ ಬೇರೆ. ಹಳೆಯ ಜಪಾನೀಸ್ ಗೇಮುಗಳು ಶಿಫ್ಟ್-ಜಿಸ್ ಅನ್ನೋ ಜಪಾನೀಸ್ ಅಕ್ಷರ ಸಂಕೇತದಲ್ಲಿ ಬರೆದವು. ಕಟಾಕಾನಾ ಅಕ್ಷರಗಳು ಹೆಚ್ಚಾಗಿ 83 ಅನ್ನೋ ಬೈಟಿನಿಂದ ಶುರು, ಹಿರಗಾನಾ 82ರಿಂದ. ಅದನ್ನೇ ನಮ್ಮ ಇಂಗ್ಲಿಷ್ ವಿಂಡೋಸ್ `ƒ`, `‚` ಅಂತ ಓದುತ್ತೆ. ಯುಟಿಎಫ್-8 ಟಿಕ್ ಮಾಡಿದಾಗ ಆ ಬೈಟುಗಳಿಗೆ ಅರ್ಥವೇ ಇರೋದಿಲ್ಲ, ಅದಕ್ಕೇ ಇನ್ನೂ ಕೆಟ್ಟಿತು.

ಕೊತ್ರೂಡ್_ಹುಡುಗ: ಮಾಮ, ಟಿಕ್ ಇದ್ದಾಗ 65001 ಬಂತು. ತೆಗೆದ ಮೇಲೆ 437.

ಮಾಟುಂಗಾ_ಮಾಮ: ಈ ಸಂಖ್ಯೆ ವಿಂಡೋಸ್ ಯಾವ ಅಕ್ಷರ ಸಂಕೇತದಲ್ಲಿ ಓದುತ್ತೆ ಅನ್ನೋದನ್ನು ಹೇಳುತ್ತೆ. ನಮಗೆ ಬೇಕಿರೋದು ಜಪಾನೀಸಿನ 932. ಭಾಷಾ ಪ್ಯಾಕ್ ಮೆನುಗಳನ್ನು ಮಾತ್ರ ಬದಲಿಸುತ್ತೆ, ಬೇಕಿದ್ದರೆ ವಿಂಡೋಸನ್ನು ಇಂಗ್ಲಿಷಿಗೇ ವಾಪಸ್ ತಾ. `intl.cpl` ಓಡಿಸಿ, `Administrative` ಟ್ಯಾಬಿನಲ್ಲಿ `Change system locale` ಒತ್ತಿ `Japanese (Japan)` ಆರಿಸು. ರೀಸ್ಟಾರ್ಟ್ ಆಗಲೇಬೇಕು.

ಕೊತ್ರೂಡ್_ಹುಡುಗ: ಮೆನು ಈಗ ಸೊಗಸಾಗಿ ಓದೋಕೆ ಬರುತ್ತೆ! ಆದರೆ ಹೊಸ ಆಟ ಒತ್ತಿದರೆ ಈಗಲೂ ಬಂದ್.

ಮಾಟುಂಗಾ_ಮಾಮ: ಗೇಮಿನ ಫೋಲ್ಡರ್ ತೆರೆದು ನೋಡು. ಒಳಗಿನ ಹೆಸರುಗಳು ಹೇಗಿವೆ?

ಕೊತ್ರೂಡ್_ಹುಡುಗ: ಒಂದು ಫೋಲ್ಡರ್ ಹೆಸರು `âfü[â^`. ಇದೇನು, ಬೈಗುಳವಾ?

ಮಾಟುಂಗಾ_ಮಾಮ: ಹಹ್ಹ, ಅದು `データ`, ಅಂದರೆ ಡೇಟಾ. ಬೈಟುಗಳು 83 66 81 5B 83 5E. ನೀನು ಜಿಪ್ ಬಿಚ್ಚಿದಾಗ ವಿಂಡೋಸ್ 437ರಲ್ಲಿತ್ತು, ಅದರ ಪ್ರಕಾರ ಹೆಸರು ಹಾಕಿಬಿಟ್ಟಿತು. ಡಿಸ್ಕಿನಲ್ಲಿ ಕೂತ ಹೆಸರು ಲೊಕೇಲ್ ಬದಲಿಸಿದ ಮಾತ್ರಕ್ಕೆ ಬದಲಾಗಲ್ಲ. ಗೇಮ್ `データ` ಹುಡುಕುತ್ತೆ, ಸಿಗಲ್ಲ, ಸಾಯುತ್ತೆ. ಆ ಫೋಲ್ಡರ್ ಅಳಿಸಿ 7-ಜಿಪ್‌ನಲ್ಲಿ ಮತ್ತೆ ಬಿಚ್ಚು:

```
7z x game.zip -oD:\game -mcp=932
```

ಸೆಟಪ್ ಫೈಲ್ ಇರೋ ಗೇಮ್ ಆದರೆ ಮೊದಲು ಲೊಕೇಲ್, ಆಮೇಲೆ ಇನ್‌ಸ್ಟಾಲ್. ಉಲ್ಟಾ ಮಾಡಿದರೆ ಇದೇ ಗತಿ.

ಕೊತ್ರೂಡ್_ಹುಡುಗ: ಓಡಿತು!! ಆದರೆ ಹೊಸ ತಲೆನೋವು. ಇದೇ ಲ್ಯಾಪ್‌ಟಾಪಿನಲ್ಲಿ ಅಪ್ಪನ ಅಂಗಡಿಯ ಹಳೆಯ ಮರಾಠಿ ಬಿಲ್ಲಿಂಗ್ ಸಾಫ್ಟ್‌ವೇರ್ ಇದೆ. ಅದರ ಅಕ್ಷರಗಳೆಲ್ಲ ಈಗ ಜಪಾನೀಸ್ ಆಗಿಬಿಟ್ಟಿವೆ. ಅಪ್ಪ ಬೆಳಿಗ್ಗೆಯಿಂದ ಮಾತಾಡಿಸುತ್ತಿಲ್ಲ.

ವಾಶಿ_ವಿನು: ಅದಕ್ಕಾದ್ರೂ ಫಾಂಟ್ ಹಾಕಬೇಕು ಅಲ್ವಾ?

ಮಾಟುಂಗಾ_ಮಾಮ: ಫಾಂಟ್ ಅಲ್ಲೇ ಇದೆ ವಿನು. ಸಾಫ್ಟ್‌ವೇರ್ ಹಳೆಯದು, ಅದಕ್ಕೂ ಇಂಗ್ಲಿಷ್ ಲೊಕೇಲೇ ಬೇಕು. ಲೊಕೇಲ್ ಇಡೀ ಯಂತ್ರಕ್ಕೆ ಒಂದೇ. ಅಪ್ಪನ ಕೆಲಸ ಮುಖ್ಯ, ಅದನ್ನು ಮೊದಲಿನಂತೆ ಮಾಡು. ಗೇಮಿಗೆ ಮಾತ್ರ ಲೊಕೇಲ್ ಎಮ್ಯುಲೇಟರ್ ಹಾಕು. ಗೇಮಿನ ಇಎಕ್ಸ್‌ಇ ಮೇಲೆ ರೈಟ್ ಕ್ಲಿಕ್ ಮಾಡಿ, ಜಪಾನೀಸಿನಲ್ಲಿ ಓಡಿಸು. ಫೋಲ್ಡರಿನ ಹೆಸರು ಈಗ ಸರಿ ಇರೋದರಿಂದ ತೊಂದರೆ ಆಗಬಾರದು.

ಮಂಜ, ನಿಂದು ಬೇರೆ ಕಥೆ. ಡಿಸ್ಕ್ ಯಾವ ದೇಶದ್ದೋ ಡಿಎಲ್‌ಸಿಯೂ ಅಲ್ಲಿನ ಸ್ಟೋರಿನದೇ ಬೇಕು. ಹೊಸ ಥ್ರೆಡ್ ಹಾಕು.

ಕೊತ್ರೂಡ್_ಹುಡುಗ: ಎರಡೂ ಓಡುತ್ತಿವೆ ಮಾಮ, ಅಪ್ಪ ಚಹಾ ಕೂಡ ಕುಡಿದರು. ಒಂದೇ ಉಳಿದಿದೆ: ಶುರುವಿನ ವಿಡಿಯೋ ಕಪ್ಪಾಗಿ ಬರುತ್ತೆ, ಬರೀ ಹಾಡು ಕೇಳುತ್ತೆ.

ಮಾಟುಂಗಾ_ಮಾಮ: ಅದು ಲೊಕೇಲ್ ಕೆಲಸ ಅಲ್ಲ, ಕೋಡೆಕ್ ಇರಬಹುದು. ವಿಡಿಯೋ ಫೈಲಿನ ಕೊನೆಯ ಮೂರಕ್ಷರ ಏನಿದೆ ನೋಡಿ ಹಾಕು. ಅಲ್ಲಿಯವರೆಗೆ ಎಂಟರ್ ಒತ್ತಿ ದಾಟಿಸು.